ರೆಕಾರ್ಡ್ ಮಾಡಿದ ದನಿಗೆ ವಾಯ್ಸ್ ಲಾಗಿನ್ ಯಾಕೆ ತೆರೆದುಕೊಳ್ಳುತ್ತದೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಸಣ್ಣ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ, ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋದು ಅವರಿಗೆ ಕಷ್ಟ. ಮಾತಾಡಿದರೆ ಸಾಕು, ಆಪ್ ತೆರೆದುಕೊಳ್ಳುತ್ತೆ ಅಂತ ಒಂದು ಕಂಪನಿಯವರು ಬಂದು ಡೆಮೊ ತೋರಿಸಿದರು. ಅವರು ಕೊಟ್ಟ ವಾಕ್ಯವನ್ನು ನಾನು ಹೇಳಿದಾಗ ತೆರೆಯಿತು, ನಮ್ಮ ಲೆಕ್ಕಿಗರು ಹೇಳಿದಾಗ ತೆರೆಯಲಿಲ್ಲ. ಆಮೇಲೆ ನಮ್ಮ ಆಫೀಸಿನ ಹುಡುಗ ತಮಾಷೆಗೆ ನನ್ನ ಮಾತನ್ನು ಅವನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ. ಅದಕ್ಕೂ ತೆರೆಯಿತು! ಬೇರೆಯವರ ದನಿಯನ್ನು ಅಷ್ಟು ಚೆನ್ನಾಗಿ ಕಂಡುಹಿಡಿಯೋ ಮೆಷಿನ್‌ಗೆ ಇದು ರೆಕಾರ್ಡಿಂಗ್ ಅಂತ ಯಾಕೆ ಗೊತ್ತಾಗಲ್ಲ? ಇದನ್ನು ನಂಬಿ ತಗೋಬಹುದಾ?

ಉತ್ತರ:

ಮೊದಲು ನಿಮ್ಮ ಹುಡುಗನಿಗೆ ಒಂದು ಕಾಫಿ ಕೊಡಿಸಿ. ಆ ಕಂಪನಿಯವರು ತಾವೇ ಮಾಡಿ ತೋರಿಸಬೇಕಿದ್ದ ಪರೀಕ್ಷೆಯನ್ನು ಅವನು ಬಿಟ್ಟಿಯಾಗಿ ಮಾಡಿಕೊಟ್ಟಿದ್ದಾನೆ.

ಡೆಮೊದಲ್ಲಿ ಮೆಷಿನ್ ತಪ್ಪು ಲೆಕ್ಕ ಹಾಕಲಿಲ್ಲ. ಅದು ನೋಡಿದ್ದು ಒಂದನ್ನೇ: ಈ ದನಿ ಕಾರ್ಯದರ್ಶಿಯವರದ್ದಾ? ಹುಡುಗನ ಮೊಬೈಲಿಂದ ಬಂದದ್ದು ನಿಮ್ಮದೇ ದನಿ, ಹಾಗಾಗಿ ಹೌದು ಅಂದಿತು. ಈ ದನಿ ಈಗಷ್ಟೇ ಒಬ್ಬ ಮನುಷ್ಯನ ಬಾಯಿಂದ ಬಂತಾ, ಇಲ್ಲ ಸ್ಪೀಕರಿನಿಂದ ಬಂತಾ ಅನ್ನುವುದು ಬೇರೆಯದೇ ಪ್ರಶ್ನೆ. ಅದನ್ನು ನೋಡಿಕೊಳ್ಳಲು ಬೇರೆಯದೇ ಭಾಗ ಬೇಕು. ನಿಮಗೆ ತೋರಿಸಿದ ಆಪ್‌ನಲ್ಲಿ ಆ ಭಾಗ ಇಲ್ಲ, ಇದ್ದರೂ ನೆಪಮಾತ್ರಕ್ಕೆ ಇದೆ. ಇದರಲ್ಲಿ ಇನ್ನೊಂದು ವಿಚಿತ್ರವೂ ಇದೆ. ಯಾರ ದನಿ ಅನ್ನುವುದನ್ನು ಚೆನ್ನಾಗಿ ಗುರುತಿಸಲು ಕಲಿಸಿದಷ್ಟೂ ಈ ಯಂತ್ರಗಳು ರೆಕಾರ್ಡಿಂಗ್‌ಗೆ ಇನ್ನಷ್ಟು ಸಲೀಸಾಗಿ ಬಾಗಿಲು ತೆರೆಯುತ್ತವೆ. ಯಾಕೆ ಹೀಗೆ ಅಂತ ತಿಳಿಯಲು ವಾಯ್ಸ್‌ಪ್ರಿಂಟ್, ಅಂದರೆ ಯಂತ್ರ ಬರೆದಿಟ್ಟುಕೊಳ್ಳುವ ದನಿಯ ಗುರುತು, ಹೇಗೆ ತಯಾರಾಗುತ್ತದೆ ಅನ್ನುವುದರಿಂದ ಶುರು ಮಾಡೋಣ.

ನೀವು 'ಆ' ಅಂದಾಗ ಗಂಟಲಿನ ಧ್ವನಿತಂತುಗಳು ಬಡಿದುಕೊಳ್ಳುತ್ತವೆ. ಗಂಡಸರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ನೂರು, ನೂರಿಪ್ಪತ್ತು ಸಲ. ಹೆಂಗಸರಲ್ಲಿ ಇನ್ನೂರರ ಆಸುಪಾಸು. ಆ ಬರಿಯ ಸದ್ದು ಅಲ್ಲಿಂದ ತುಟಿಯವರೆಗಿನ ಕೊಳವೆಯಲ್ಲಿ ಹಾದು ಬರುತ್ತದೆ. ಬೆಳೆದ ಗಂಡಸಿನಲ್ಲಿ ಈ ಕೊಳವೆ ಸುಮಾರು 17 ಸೆಂಟಿಮೀಟರ್ ಉದ್ದ. ಕೊಳವೆಯ ಉದ್ದ, ಅಗಲ, ಅಂಗುಳದ ಆಕಾರ, ಮೂಗಿನ ಒಳಗಿನ ಜಾಗ ಇವೆಲ್ಲ ಸೇರಿ ಕೆಲವು ಆವರ್ತನಗಳನ್ನು ಉಬ್ಬಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ನಾಲಿಗೆ ಆಡಿಸಿ 'ಆ'ಯನ್ನು 'ಈ' ಮಾಡಿದರೆ ಉಬ್ಬುಗಳ ಜಾಗ ಬದಲಾಗುತ್ತದೆ. ಆದರೆ ನಿಮ್ಮ ಕೊಳವೆಯ ಅಳತೆ ಮಾತ್ರ ಎರಡರಲ್ಲೂ ಅದೇ. ಇದರ ಜೊತೆಗೆ ರೂಢಿಯಿಂದ ಬಂದದ್ದೂ ಸೇರಿಕೊಳ್ಳುತ್ತದೆ: ಮಾತಿನ ವೇಗ, ರಾಗ, 'ಹ'ಕಾರ ನುಂಗುವ ಅಭ್ಯಾಸ, ಊರಿನ ಎಳೆತ.

ಯಂತ್ರ ಈ ಮಾತನ್ನು ಚೂರು ಚೂರು ಮಾಡುತ್ತದೆ. ಒಂದೊಂದು ಚೂರು ಸಾಮಾನ್ಯವಾಗಿ 25 ಮಿಲಿಸೆಕೆಂಡ್, 10 ಮಿಲಿಸೆಕೆಂಡಿಗೆ ಒಂದು. ಮೂರು ಸೆಕೆಂಡ್ ಮಾತಾಡಿದರೆ ಹತ್ತಿರಹತ್ತಿರ ಮುನ್ನೂರು ಚೂರು. ಪ್ರತಿ ಚೂರಿನಲ್ಲೂ ಯಾವ ಆವರ್ತನದ ಪಟ್ಟಿಯಲ್ಲಿ ಎಷ್ಟು ಬಲ ಇದೆ ಅಂತ ಅಳೆಯುತ್ತದೆ. ಪಟ್ಟಿಗಳು ನಲವತ್ತೋ ಎಂಬತ್ತೋ ಇರುತ್ತವೆ. ಈ ಅಳತೆಗಳೆಲ್ಲ ನ್ಯೂರಲ್ ನೆಟ್‌ವರ್ಕ್ ಅನ್ನುವ, ಉದಾಹರಣೆಗಳಿಂದ ಕಲಿತ ಒಂದು ತಂತ್ರಾಂಶದ ಒಳಗೆ ಹೋಗಿ, ಹೊರಗೆ ಬರುವಾಗ ಒಂದೇ ಒಂದು ಸಾಲು ಸಂಖ್ಯೆಗಳಾಗಿರುತ್ತವೆ. 2018ರಲ್ಲಿ ಬಂದ 'ಎಕ್ಸ್-ವೆಕ್ಟರ್' ವಿಧಾನದಲ್ಲಿ 512 ಸಂಖ್ಯೆಗಳು. 2020ರ 'ಎಕಾಪಾ' ಮಾದರಿಯಲ್ಲಿ ಸಾಮಾನ್ಯವಾಗಿ 192. ಈ ಸಾಲಿಗೇ ವಾಯ್ಸ್‌ಪ್ರಿಂಟ್ ಅನ್ನುವುದು. ದರ್ಜಿಯ ಅಳತೆ ಪುಸ್ತಕ ಇದೆಯಲ್ಲ, ಹಾಗೆ ಇದು. ಎದೆ ಇಷ್ಟು, ತೋಳು ಇಷ್ಟು ಅಂತ ಬರೆದಿರುತ್ತದೆ, ಅಂಗಿ ಅದರಲ್ಲಿ ಇರುವುದಿಲ್ಲ. ನೀವು ಏನು ಹೇಳಿದಿರಿ, ಯಾವ ಭಾಷೆಯಲ್ಲಿ ಹೇಳಿದಿರಿ ಅನ್ನುವುದು ಈ ಸಾಲಿನಲ್ಲಿ ಹೆಚ್ಚುಕಮ್ಮಿ ಕರಗಿಹೋಗಿರುತ್ತದೆ.

ನೋಂದಣಿ ಮಾಡುವಾಗ ನಿಮ್ಮಿಂದ ಮೂರು ಸಲ ಹೇಳಿಸಿದರು, ಅಲ್ವಾ? ಮೂರರಿಂದಲೂ ಸಾಲು ತೆಗೆದು ಸರಾಸರಿ ಮಾಡಿ ಇಟ್ಟುಕೊಂಡಿರುತ್ತಾರೆ. ಲಾಗಿನ್ ಮಾಡುವಾಗ ಹೊಸ ಸಾಲು ಬರುತ್ತದೆ. ಎರಡು ಸಾಲುಗಳನ್ನು ಎರಡು ಬಾಣ ಅಂದುಕೊಂಡು, ಅವು ಎಷ್ಟರಮಟ್ಟಿಗೆ ಒಂದೇ ದಿಕ್ಕಿಗಿವೆ ಅಂತ ನೋಡಿ ಒಂದು ಅಂಕ ಕೊಡುತ್ತಾರೆ. ಅದು −1ರಿಂದ 1ರವರೆಗೆ ಇರುತ್ತದೆ, 1ಕ್ಕೆ ಹತ್ತಿರ ಬಂದಷ್ಟೂ ಒಬ್ಬರೇ ಅನ್ನುವ ನಂಬಿಕೆ ಜಾಸ್ತಿ. ಯಾವ ಅಂಕದ ಮೇಲೆ ಬಾಗಿಲು ತೆರೆಯಬೇಕು ಅನ್ನುವ ಗೆರೆಯನ್ನು ಮನುಷ್ಯರೇ ಎಳೆಯಬೇಕು.

ನಿಮ್ಮ ಡೆಮೊದ ಅಂಕಗಳು ನನಗೆ ಸಿಕ್ಕಿಲ್ಲ. ಅಂದಾಜಿಗೆ ಇಂಥವು ಅಂತ ಇಟ್ಟುಕೊಳ್ಳಿ, ಇವು ನಾನೇ ಕಟ್ಟಿದ ಉದಾಹರಣೆ: ನೀವು ನೇರವಾಗಿ ಹೇಳಿದ್ದಕ್ಕೆ 0.78, ನೆಗಡಿ ಆದ ದಿನ ಹೇಳಿದರೆ 0.52, ಲೆಕ್ಕಿಗರಿಗೆ 0.08, ನಿಮ್ಮ ತಮ್ಮ ಹೇಳಿದರೆ 0.36, ಹುಡುಗನ ಮೊಬೈಲಿನ ರೆಕಾರ್ಡಿಂಗ್‌ಗೆ 0.64. ಗೆರೆ 0.40ಕ್ಕೆ ಇದೆ. ಲೆಕ್ಕಿಗರು ಹೊರಗೆ, ತಮ್ಮನೂ ಸ್ವಲ್ಪದರಲ್ಲಿ ಹೊರಗೆ, ನೆಗಡಿಯ ನೀವು ಒಳಗೆ. ರೆಕಾರ್ಡಿಂಗೂ ಒಳಗೆ. ಈಗ ರೆಕಾರ್ಡಿಂಗ್ ತಡೆಯಲು ಗೆರೆಯನ್ನು 0.70ಕ್ಕೆ ಏರಿಸಿದಿರಿ ಅನ್ನಿ. ರೆಕಾರ್ಡಿಂಗ್ ನಿಂತಿತು, ಆದರೆ ನೆಗಡಿಯಾದ ನೀವೂ ಹೊರಗೇ ನಿಂತಿರಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾತಾಡುವ ಸದಸ್ಯರೂ ಹೊರಗೆ. ನಾಳೆ ಯಾರಾದರೂ ಇನ್ನೂ ಒಳ್ಳೆಯ ಸ್ಪೀಕರ್ ತಂದು ಆಡಿಸಿದರೆ 0.75 ಬರಬಹುದು. ಅಂದರೆ ಗೆರೆ ಮೇಲೆ ಕೆಳಗೆ ಆಡಿಸಿ ಈ ಸಮಸ್ಯೆ ಬಿಡಿಸಲು ಆಗುವುದಿಲ್ಲ. ರೆಕಾರ್ಡಿಂಗ್ ಅಂಕ ಬೀಳುವುದೇ ಅಸಲಿ ದನಿಯ ಅಂಕಗಳ ನಡುವೆ.

ತಮ್ಮನ ವಿಷಯ ಬಂದದ್ದರಿಂದ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು 2016ರಲ್ಲಿ ದನಿಯ ಗುರುತನ್ನು ಫೋನ್ ಬ್ಯಾಂಕಿಂಗ್‌ಗೆ ತಂದಿತು. 2017ರಲ್ಲಿ ಬಿಬಿಸಿಯ ಒಬ್ಬ ವರದಿಗಾರ ತನ್ನ ಅವಳಿ ಸಹೋದರನ ಕೈಲಿ ತನ್ನ ಖಾತೆಗೆ ಪ್ರಯತ್ನ ಮಾಡಿಸಿದ. ಇಬ್ಬರೂ ತದ್ರೂಪಿ ಅವಳಿಗಳಲ್ಲ. ಏಳು ಸಲ ಯಂತ್ರ ಒಪ್ಪಲಿಲ್ಲ, ಎಂಟನೇ ಸಲ ಒಪ್ಪಿತು. ಹಣ ತೆಗೆಯಲು ಆಗಲಿಲ್ಲ, ಆದರೆ ಖಾತೆಯಲ್ಲಿ ಎಷ್ಟಿದೆ ಅಂತ ಗೊತ್ತಾಯಿತು. ಅಲ್ಲಿ ರೆಕಾರ್ಡಿಂಗ್ ಕೂಡ ಇರಲಿಲ್ಲ, ಬರೀ ಅಣಕು ದನಿ. ನನ್ನ ಕಣ್ಣಿಗೆ ಅಲ್ಲಿ ದೊಡ್ಡ ತಪ್ಪು ದನಿಯ ಲೆಕ್ಕದಲ್ಲಿ ಇರಲಿಲ್ಲ, ಎಂಟು ಅವಕಾಶ ಕೊಟ್ಟಿದ್ದರಲ್ಲಿತ್ತು. ಒಂದು ಸಲಕ್ಕೆ ನೂರಕ್ಕೆ ಹತ್ತರಷ್ಟು ಸಾಧ್ಯತೆ ಇದ್ದು, ಪ್ರತಿ ಪ್ರಯತ್ನವೂ ಬೇರೆ ಬೇರೆ ಅಂದುಕೊಂಡರೆ, ಎಂಟು ಸಲದಲ್ಲಿ ಒಮ್ಮೆಯಾದರೂ ಒಳಗೆ ಹೋಗುವ ಸಾಧ್ಯತೆ ನೂರಕ್ಕೆ 57. ಮೂರೇ ಸಲ ಬಿಟ್ಟರೆ ನೂರಕ್ಕೆ 27. ನಿಮ್ಮ ಕಂಪನಿಯವರನ್ನು ಎಷ್ಟು ಸಲ ಬಿಡುತ್ತೀರಿ ಅಂತ ತಪ್ಪದೆ ಕೇಳಿ.

ಈಗ ವಿಚಿತ್ರ ಅಂದೆನಲ್ಲ, ಅದಕ್ಕೆ ಬರೋಣ. ಈ ನೆಟ್‌ವರ್ಕ್‌ಗಳನ್ನು ಕಲಿಸುವುದು ಸಾವಿರಾರು ಜನರ ದನಿಗಳಿಂದ. ಹೆಚ್ಚು ಬಳಕೆಯಲ್ಲಿರುವ ಸಂಗ್ರಹದ ಹೆಸರು ವಾಕ್ಸ್‌ಸೆಲೆಬ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಯೂಟ್ಯೂಬಿನಲ್ಲಿರುವ ಪ್ರಸಿದ್ಧರ ಸಂದರ್ಶನಗಳಿಂದ 2017ರಲ್ಲಿ ಇದರ ಮೊದಲ ಕಂತು ಮಾಡಿದರು, ಅದರಲ್ಲಿ 1,251 ಜನ ಇದ್ದಾರೆ. ಒಬ್ಬರದ್ದೇ ದನಿ ಸ್ಟುಡಿಯೊದಲ್ಲೂ ಇದೆ, ಕ್ರೀಡಾಂಗಣದ ಗದ್ದಲದಲ್ಲೂ ಇದೆ, ಕೆಟ್ಟ ಮೈಕಿನಲ್ಲೂ ಇದೆ. ನೆಟ್‌ವರ್ಕ್‌ಗೆ ಕೊಡುವ ಪಾಠ ಇಷ್ಟೇ: ಮೈಕ್ ಬದಲಾದರೂ, ಕೋಣೆ ಬದಲಾದರೂ, ಸದ್ದುಗದ್ದಲ ಸೇರಿದರೂ ಇದು ಒಬ್ಬನೇ ಮನುಷ್ಯ ಅಂತ ಹೇಳು. ಅದೂ ಸಾಲದು ಅಂತ ಕಲಿಸುವವರು ಬೇಕೆಂದೇ ಪ್ರತಿ ತುಣುಕಿಗೆ ಗದ್ದಲ, ಪ್ರತಿಧ್ವನಿ ಬೆರೆಸಿ ಮತ್ತೆ ಮತ್ತೆ ಕೊಡುತ್ತಾರೆ. ಇದು ಒಳ್ಳೆಯ ಕೆಲಸವೇ. ಹೀಗೆ ಮಾಡದಿದ್ದರೆ ನಿಮ್ಮ ಸದಸ್ಯರು ಅಡುಗೆಮನೆಯಲ್ಲಿ ನೋಂದಣಿ ಮಾಡಿಸಿ ಹೊಲದಲ್ಲಿ ನಿಂತು ಲಾಗಿನ್ ಮಾಡಲು ಆಗುತ್ತಲೇ ಇರಲಿಲ್ಲ.

ಆದರೆ ಹುಡುಗನ ಮೊಬೈಲ್ ಏನು ಮಾಡಿತು ನೋಡಿ. ನಿಮ್ಮ ದನಿಗೆ ಇನ್ನೊಂದು ಮೈಕ್, ಇನ್ನೊಂದಿಷ್ಟು ಪ್ರತಿಧ್ವನಿ, ಒಂದು ಅಗ್ಗದ ಸ್ಪೀಕರಿನ ಕರಕರ ಸೇರಿಸಿತು. ಇಂಥವನ್ನು ಲೆಕ್ಕಕ್ಕೆ ತಗೋಬೇಡ ಅಂತಲೇ ನೆಟ್‌ವರ್ಕ್‌ಗೆ ಲಕ್ಷಗಟ್ಟಲೆ ಸಲ ಪಾಠ ಆಗಿದೆ. ರೆಕಾರ್ಡಿಂಗ್ ಅನ್ನುವುದಕ್ಕೆ ಇದ್ದ ಸಾಕ್ಷಿಗಳನ್ನೆಲ್ಲ ಅದು ಕಸ ಅಂತ ಗುಡಿಸಿ ಹಾಕಿ, ಉಳಿದ ದನಿಯನ್ನು ಹಿಡಿದುಕೊಂಡಿತು.

ನಿಮ್ಮ ಹುಡುಗನಿಗೋ ಪರಿಚಯದ ಕಂಪ್ಯೂಟರ್ ವಿದ್ಯಾರ್ಥಿಗೋ ಹೇಳಿದರೆ ಇದನ್ನು ಮನೆಯಲ್ಲೇ ನೋಡಬಹುದು. ಸ್ಪೀಚ್‌ಬ್ರೇನ್ ಅನ್ನುವ ಉಚಿತ ಪೈಥಾನ್ ಲೈಬ್ರರಿ ಇದೆ.

```python
from speechbrain.inference.speaker import SpeakerRecognition

v = SpeakerRecognition.from_hparams(
    source="speechbrain/spkrec-ecapa-voxceleb")

print(v.verify_files("nondani.wav", "nera.wav"))
print(v.verify_files("nondani.wav", "replay.wav"))
```

`nondani.wav` ಅಂದರೆ ನೋಂದಣಿಯ ದಿನದ್ದು. `nera.wav` ಅಂದರೆ ಮಾರನೇ ದಿನ ನೇರವಾಗಿ ಹೇಳಿದ್ದು. `replay.wav` ಅಂದರೆ ಆ ಮಾತನ್ನು ಬೇರೆ ಮೊಬೈಲಿನಿಂದ ಆಡಿಸಿ, ಮೊದಲಿನ ಮೊಬೈಲಿನಲ್ಲಿ ಮತ್ತೆ ರೆಕಾರ್ಡ್ ಮಾಡಿದ್ದು. ಪ್ರತಿ ಸಾಲೂ ಒಂದು ಅಂಕ ಕೊಟ್ಟು, ಒಬ್ಬರೇ ಹೌದೋ ಅಲ್ಲವೋ ಅಂತಲೂ ಹೇಳುತ್ತದೆ. ಅದರ ಸಿದ್ಧ ಗೆರೆ 0.25. ಮೂರನೆಯ ಫೈಲಿನ ಅಂಕ ಸ್ವಲ್ಪ ಇಳಿದರೂ ಗೆರೆಯ ಮೇಲೆಯೇ ಉಳಿಯುವುದು ಮಾಮೂಲು. ಈ ಮಾದರಿ ಕೆಟ್ಟದ್ದು ಅಂತ ಅಲ್ಲ. ವಾಕ್ಸ್‌ಸೆಲೆಬ್ ಪರೀಕ್ಷೆಯಲ್ಲಿ ಇದರ ತಪ್ಪು ನೂರಕ್ಕೆ ಒಂದರ ಆಸುಪಾಸು. ಆದರೆ ಆ ಪರೀಕ್ಷೆಯಲ್ಲಿ ರೆಕಾರ್ಡಿಂಗ್ ಆಡಿಸಿ ಮೋಸ ಮಾಡುವವರು ಯಾರೂ ಇರಲಿಲ್ಲ. ಕಂಪನಿಯ ಬ್ರೋಷರಿನಲ್ಲಿ '99 ಪರ್ಸೆಂಟ್ ನಿಖರ' ಅಂತ ಬರೆದಿದ್ದರೆ ಅದು ಬಹುಮಟ್ಟಿಗೆ ಇಂಥ ಪರೀಕ್ಷೆಯ ಲೆಕ್ಕ.

ಹಾಗಾದರೆ ರೆಕಾರ್ಡಿಂಗ್ ಹಿಡಿಯಲು ಆಗುವುದೇ ಇಲ್ಲವಾ? ಆಗುತ್ತದೆ. ಗುಡಿಸಿ ಹಾಕಿದ ಕಸವನ್ನೇ ನೋಡುವ ಇನ್ನೊಂದು ಯಂತ್ರ ಬೇಕು.

ಆ ಕಸದಲ್ಲಿ ಸಿಗುವುದು ಮುಖ್ಯವಾಗಿ ಸ್ಪೀಕರಿನ ಗುರುತು. ಮೊಬೈಲಿನ ಸ್ಪೀಕರ್ ಉಗುರಿನಷ್ಟು ಇರುತ್ತದೆ. ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಅದು ಸರಿಯಾಗಿ ಎಬ್ಬಿಸಲಾರದು. ನಿಮ್ಮ ಗಂಟಲು ಸೆಕೆಂಡಿಗೆ 110 ಸಲ ಬಡಿದರೂ ಆ ಸ್ಪೀಕರಿನಿಂದ 110 ಹರ್ಟ್ಸ್ ಹೆಚ್ಚುಕಮ್ಮಿ ಬರುವುದೇ ಇಲ್ಲ. ನಮ್ಮ ಕಿವಿ ಮೇಲಿನ ಸ್ವರಗಳಿಂದ ಅದನ್ನು ತಾನೇ ತುಂಬಿಕೊಳ್ಳುತ್ತದೆ, ಹಾಗಾಗಿ ನಮಗೆ ಕೊರತೆ ಗೊತ್ತಾಗುವುದಿಲ್ಲ. ಜೋರು ಮಾಡಿದಾಗ ಸ್ಪೀಕರ್ ಒದರಿ, ಮೂಲದಲ್ಲಿ ಇಲ್ಲದ ಸ್ವರಗಳನ್ನೂ ಹುಟ್ಟಿಸುತ್ತದೆ. ಮೇಲಿನ ತುದಿಯಲ್ಲೂ, ಅಂದರೆ 6ರಿಂದ 8 ಕಿಲೊಹರ್ಟ್ಸ್ ಕಡೆ, ಎರಡು ಮೈಕ್ ಮತ್ತು ಒಂದು ಸ್ಪೀಕರ್ ದಾಟಿ ಬಂದ ದನಿಗೂ ನೇರ ದನಿಗೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 'ಸ'ಕಾರದ ಶಕ್ತಿ ಬಹಳಷ್ಟು ಇರುವುದು ಆ ಕಡೆಯೇ. ಇದಲ್ಲದೆ ಪ್ರತಿಧ್ವನಿ ಎರಡು ಪಟ್ಟಾಗಿರುತ್ತದೆ: ರೆಕಾರ್ಡ್ ಮಾಡಿದ ಕೋಣೆಯದ್ದು ಒಂದು, ಆಡಿಸಿದ ಕೋಣೆಯದ್ದು ಇನ್ನೊಂದು.

ಇನ್ನೊಂದು ಗುರುತನ್ನು ನೀವೇ ನೋಡಬಹುದು. ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದು 'ಪಪ್ಪಾಯಿ' ಅನ್ನಿ. ಪ್ರತಿ 'ಪ'ಕಾರಕ್ಕೂ ಗಾಳಿ ತಾಗುತ್ತದೆ. ಈಗ ಅದೇ ಮಾತನ್ನು ರೆಕಾರ್ಡ್ ಮಾಡಿ, ಸ್ಪೀಕರಿನ ಮುಂದೆ ಅಂಗೈ ಹಿಡಿಯಿರಿ. ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ. ಮೈಕಿಗೆ ಹತ್ತಿರ ಮಾತಾಡಿದಾಗ ಈ ಗಾಳಿ ಬಡಿದು 'ಬೊಪ್' ಅಂತ ಒಂದು ತಗ್ಗು ಸದ್ದಾಗುತ್ತದೆ. ಅದಕ್ಕೆ ಪಾಪ್ ನಾಯ್ಸ್ ಅನ್ನುತ್ತಾರೆ. ಹಾಡು ರೆಕಾರ್ಡ್ ಮಾಡುವವರು ಇದನ್ನು ತಪ್ಪಿಸಲು ಮೈಕಿನ ಮುಂದೆ ಜಾಲರಿ ಇಡುತ್ತಾರೆ. ಇಲ್ಲಿ ಅದೇ ಬೇಕಾದದ್ದು. 2015ರಿಂದಲೇ ಜಪಾನಿನ ಸಂಶೋಧಕರು ಈ ಸದ್ದನ್ನು ಹುಡುಕಿ ಜೀವಂತ ದನಿಯನ್ನು ಗುರುತಿಸುವ ಪ್ರಯತ್ನ ಮಾಡಿದ್ದಾರೆ. ಮಿತಿ ಏನೆಂದರೆ, ಫೋನನ್ನು ತುಟಿಯ ಹತ್ತಿರವೇ ಹಿಡಿಯಬೇಕು. ಮೊಳದಷ್ಟು ದೂರ ಹಿಡಿದು ಮಾತಾಡುವ ಅಜ್ಜನನ್ನೂ ಅದು ಸ್ಪೀಕರ್ ಅಂದುಕೊಳ್ಳಬಹುದು. ವಾಕ್ಯವನ್ನೂ ನೋಡಿ ಆರಿಸಬೇಕು. ಮಹಾಪ್ರಾಣ ತುಂಬಿದ ವಾಕ್ಯ ಕೊಟ್ಟರೆ ಗಾಳಿ ಜಾಸ್ತಿ ಬರುತ್ತದೆ ಅನ್ನುವುದು ಕಾಗದದ ಮೇಲೆ ಸರಿ, ಆದರೆ ನಮ್ಮಲ್ಲಿ ಎಷ್ಟು ಜನ 'ಭಾಗ್ಯ'ವನ್ನು 'ಬಾಗ್ಯ' ಅನ್ನುತ್ತಾರೆ ಅಂತ ನಿಮಗೆ ಗೊತ್ತೇ ಇದೆ. 'ಪ'ಕಾರವೇ ವಾಸಿ.

ಈ ಗುರುತುಗಳೆಲ್ಲ ಉಳಿಯುವುದು ಆಪ್ ತಾನೇ ಮೈಕಿನಿಂದ ನೇರವಾಗಿ, ಸೆಕೆಂಡಿಗೆ 16,000 ಸಲ ಅಳೆದು ದನಿ ತೆಗೆದುಕೊಂಡಾಗ. ಮಾಮೂಲಿ ಫೋನ್ ಕರೆ ಮಾಡಿ ಲಾಗಿನ್ ಆಗುವ ವ್ಯವಸ್ಥೆಯಾದರೆ ಕತೆ ಬೇರೆ. ಹಳೆಯ ಟೆಲಿಫೋನ್ ದಾರಿಯಲ್ಲಿ ಹೋಗುವುದು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಕೆಳಗಿನ ಸಾಕ್ಷಿಯೂ ಹೋಯಿತು, ಮೇಲಿನ ಸಾಕ್ಷಿಯೂ ಹೋಯಿತು. ನಡುವೆ ಉಳಿದ ಭಾಗದಲ್ಲಿ ಯಾರ ದನಿ ಅನ್ನುವುದು ಚೆನ್ನಾಗಿಯೇ ಗೊತ್ತಾಗುತ್ತದೆ. ಸ್ಪೀಕರೋ ಬಾಯಿಯೋ ಅನ್ನುವುದು ಮಾತ್ರ ಮಸುಕಾಗುತ್ತದೆ. ಕರೆ ಮಾಡಿ ಗುರುತು ಹಿಡಿಸುವ ವ್ಯವಸ್ಥೆಯನ್ನು ಯಾರಾದರೂ ತಂದರೆ ನಾನಂತೂ ದನಿಯೊಂದನ್ನೇ ನಂಬಿ ಯಾವ ಬಾಗಿಲನ್ನೂ ತೆರೆಯುವುದಿಲ್ಲ.

'ನಮ್ಮಲ್ಲಿ ರಿಪ್ಲೇ ಹಿಡಿಯುವ ಭಾಗವೂ ಇದೆ', ಅಂದರೆ ಆಡಿಸಿದ ರೆಕಾರ್ಡಿಂಗ್ ಹಿಡಿಯುವ ಭಾಗ ಇದೆ ಅಂತ ಕಂಪನಿಯವರು ಹೇಳಬಹುದು. ಆಗಲೂ ಸ್ವಲ್ಪ ತಾಳಿ. ಈ ಕ್ಷೇತ್ರದಲ್ಲಿ ಎಎಸ್‌ವಿಸ್ಪೂಫ್ ಅನ್ನುವ ಸಾರ್ವಜನಿಕ ಸ್ಪರ್ಧೆ 2015ರಿಂದ ನಡೆಯುತ್ತಿದೆ. 2017ರದ್ದು ಪೂರ್ತಿ ರಿಪ್ಲೇ ದಾಳಿಗೇ ಮೀಸಲಾಗಿತ್ತು. ಆ ವರ್ಷದ ದನಿ ಸಂಗ್ರಹದಲ್ಲೇ ಕೆಲವು ದೋಷ ಸಿಕ್ಕಿ, ಆಮೇಲೆ ಸರಿಪಡಿಸಿದ ಎರಡನೇ ಆವೃತ್ತಿ ಬಿಡಬೇಕಾಯಿತು. ಯಂತ್ರದಿಂದ ಹುಟ್ಟಿಸಿದ ದನಿಗಳ ಸಂಗ್ರಹದಲ್ಲಿ ಇನ್ನೊಂದು ತಮಾಷೆ. ಅಸಲಿ ಮತ್ತು ನಕಲಿ ಫೈಲುಗಳಲ್ಲಿ ಮಾತಿನ ಮುಂಚಿನ ಮೌನದ ಉದ್ದವೇ ಬೇರೆ ಬೇರೆ ಇತ್ತು ಅಂತ 2021ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಕೆಲವು ಯಂತ್ರಗಳು ದನಿಯ ಬದಲು ಆ ಮೌನವನ್ನೇ ನೋಡಿ ಅಂಕ ಗಿಟ್ಟಿಸಿಕೊಂಡಿದ್ದವು. ಮೌನ ಕತ್ತರಿಸಿ ಕೊಟ್ಟರೆ ತಬ್ಬಿಬ್ಬು. ಹಾಗಾಗಿ ಬೇರೆಲ್ಲೋ ಪರೀಕ್ಷೆ ಪಾಸಾಗಿದೆ ಅನ್ನುವುದು ನಿಮ್ಮ ಊರಿನ ಮೊಬೈಲುಗಳ ಮೇಲೆ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಬಗೆಯ ಸ್ಪೀಕರಿನ ಮೇಲೆ ಕಲಿತ ಯಂತ್ರ ಇನ್ನೊಂದು ಬಗೆಯದ್ದಕ್ಕೆ ಸೋಲುವುದು ಈ ಕೆಲಸದಲ್ಲಿ ದಿನದ ಮಾತು.

ಇದಕ್ಕಿಂತ ಸರಳವಾದ, ಆದರೆ ಜಾಸ್ತಿ ಕೆಲಸ ಮಾಡುವ ಉಪಾಯ ಒಂದಿದೆ: ಒಂದೇ ವಾಕ್ಯವನ್ನು ದಿನಾ ಹೇಳಿಸುವುದನ್ನು ಬಿಡುವುದು. ಯಾವಾಗಲೂ ಹೇಳುವ ವಾಕ್ಯವನ್ನು ಒಮ್ಮೆ ಕದ್ದರೆ ಆಯಿತು, ಅದು ಮುಂದೆಯೂ ನಡೆಯುತ್ತದೆ. ಬದಲಿಗೆ ಆಪ್ ಪ್ರತಿ ಸಲ ಬೇರೆ ಬೇರೆ ಆರು ಅಂಕಿ ತೋರಿಸಲಿ: 'ಏಳು ಮೂರು ಒಂಬತ್ತು ಸೊನ್ನೆ ಎರಡು ಎಂಟು'. ಹತ್ತು ಸೆಕೆಂಡಿನೊಳಗೆ ಓದಬೇಕು. ಓದು ಬಾರದವರಿಗೆ ಆಪ್ ತಾನೇ ಹೇಳಿಕೊಟ್ಟು ಮತ್ತೆ ಹೇಳಿಸಿಕೊಳ್ಳಲಿ. ಆಗ ಎರಡು ತಪಾಸಣೆ ಆಗಬೇಕು: ದನಿ ನಿಮ್ಮದಾ, ಹೇಳಿದ್ದು ಕೇಳಿದ ಅಂಕಿಗಳೇನಾ. ಎರಡನೆಯದಕ್ಕೆ ಕನ್ನಡದ ಅಂಕಿಗಳನ್ನು ಗುರುತಿಸುವ ಭಾಗ ಬೇಕು. ಕೆಲವರು ಅದನ್ನು ಬಿಟ್ಟು ಬರೀ ದನಿ ನೋಡುತ್ತಾರೆ. ಹಾಗೆ ಮಾಡಿದರೆ ಪರದೆಯ ಮೇಲೆ ಅಂಕಿ ಬದಲಾಯಿಸಿದ್ದು ಬರೀ ತೋರಿಕೆಗೆ. ನಿಮ್ಮ ಡೆಮೊದಲ್ಲಿ ಇದನ್ನು ತಿಳಿಯುವುದು ಸುಲಭ: ತೋರಿಸಿದ ಅಂಕಿ ಬಿಟ್ಟು ಬೇರೆ ಏನಾದರೂ ಹೇಳಿ. ತೆರೆದರೆ ಅಲ್ಲಿಗೆ ಮುಗಿಯಿತು.

ಇದನ್ನೂ ಮುರಿಯಬಹುದು. ನೀವು ಆಫೀಸಿನಲ್ಲಿ ದಿನವಿಡೀ ಸದಸ್ಯರ ಫೋನ್ ನಂಬರು, ಖಾತೆ ನಂಬರು ಜೋರಾಗಿ ಓದುತ್ತಿರುತ್ತೀರಿ. ಪಕ್ಕದಲ್ಲಿ ಕೂತವರಿಗೆ ನಿಮ್ಮ ದನಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಅಂಕಿ ಸಿಗಲು ಅರ್ಧ ಗಂಟೆ ಸಾಕು. ಅವನ್ನು ಕತ್ತರಿಸಿ ಬೇಕಾದ ಕ್ರಮದಲ್ಲಿ ಜೋಡಿಸಬಹುದು. ಇಂಥ ಜೋಡಣೆಯಲ್ಲಿ ಬಿರುಕು ಉಳಿಯುತ್ತದೆ. ನಿಜವಾಗಿ ಹೇಳುವಾಗ 'ಏಳು ಎಂಟು' ಅನ್ನುವುದು 'ಏಳೆಂಟು' ಆಗಿ ಕೂಡಿಕೊಳ್ಳುತ್ತದೆ, 'ಆರು ಒಂದು' ಅನ್ನುವುದರಲ್ಲಿ ಆರರ ಬಾಲ ಒಂದರೊಳಗೆ ಜಾರುತ್ತದೆ. ಕತ್ತರಿಸಿ ಅಂಟಿಸಿದ್ದರಲ್ಲಿ ಆ ಜಾರು ಇರುವುದಿಲ್ಲ. ಆದರೆ ಬಹಳ ಜನ ಅಂಕಿಗಳನ್ನು ಒಂದೊಂದಾಗಿ ನಿಲ್ಲಿಸಿಯೇ ಓದುತ್ತಾರಲ್ಲ, ಆಗ ಈ ಸುಳಿವೂ ಸಿಗುವುದಿಲ್ಲ. ಅದಕ್ಕೇ ನಾನು ಅಂಕಿಗಿಂತ ಚಿಕ್ಕ ವಾಕ್ಯಗಳನ್ನು ಇಷ್ಟಪಡುತ್ತೇನೆ: 'ಮಾವಿನ ಮರದ ಕೆಳಗೆ ನಾಲ್ಕು ಕುರಿ' ಅನ್ನುವ ಥರದವು, ಸಾವಿರಾರು ಇರಲಿ, ಒಮ್ಮೆ ಬಂದದ್ದು ಮತ್ತೆ ಬಾರದಿರಲಿ. ಜೊತೆಗೆ ಸರ್ವರ್ ಹಳೆಯ ಪ್ರಯತ್ನಗಳನ್ನು ನೆನಪಿಟ್ಟುಕೊಳ್ಳಬೇಕು. ಮನುಷ್ಯ ಒಂದು ಮಾತನ್ನು ಎರಡು ಸಲ ಒಂದೇ ಥರ ಹೇಳುವುದು ಸಾಧ್ಯವಿಲ್ಲ. ಇವತ್ತಿನದ್ದು ಹಿಂದಿನ ಯಾವುದೋ ಒಂದರ ಜೊತೆ ಚೂರು ಚೂರಿಗೂ ತಾಳೆಯಾದರೆ ಅದನ್ನು ತಿರಸ್ಕರಿಸಬೇಕು. ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಕೂಡ ಬೇಡ.

ಕಲಿತ ದನಿಯಲ್ಲಿ ಹೊಸ ವಾಕ್ಯವನ್ನೇ ಹುಟ್ಟಿಸುವ ತಂತ್ರಾಂಶಗಳ ಮುಂದೆ ಇವೆಲ್ಲ ಸೊರಗುತ್ತವೆ ಅನ್ನುವುದನ್ನೂ ಹೇಳಬೇಕು. 2023ರಲ್ಲಿ ಒಬ್ಬ ಪತ್ರಕರ್ತ ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿದ್ದ ತನ್ನದೇ ಖಾತೆಗೆ, ಇನ್ನೊಬ್ಬರು ಆಸ್ಟ್ರೇಲಿಯಾದ ಸರ್ಕಾರಿ ಸೇವೆ ಸೆಂಟರ್‌ಲಿಂಕ್‌ನಲ್ಲಿದ್ದ ತಮ್ಮದೇ ಖಾತೆಗೆ ಹೀಗೆ ಹುಟ್ಟಿಸಿದ ದನಿಯಿಂದ ಒಳಹೊಕ್ಕು ತೋರಿಸಿದರು. ಎರಡೂ ಫೋನ್ ಕರೆಯ ವ್ಯವಸ್ಥೆಗಳು. ಆಪ್ ಇದ್ದರೂ ಕಳ್ಳ ಹುಷಾರಿಯಾದರೆ ಸ್ಪೀಕರನ್ನೇ ಬಳಸುವುದಿಲ್ಲ. ಮಾರ್ಪಡಿಸಿದ ಫೋನಿನಲ್ಲಿ ಮೈಕಿನ ಜಾಗಕ್ಕೆ ಫೈಲನ್ನೇ ಜೋಡಿಸುತ್ತಾನೆ. ಆಗ ಗಾಳಿ, ಪ್ರತಿಧ್ವನಿ, ಸ್ಪೀಕರಿನ ಕರಕರ ಯಾವುದೂ ಇಲ್ಲ, ರಿಪ್ಲೇ ಹಿಡಿಯುವ ಭಾಗಕ್ಕೆ ನೋಡಲು ಏನೂ ಸಿಗುವುದಿಲ್ಲ. ಅದನ್ನು ತಡೆಯಬೇಕಾದ್ದು ಫೋನ್ ಮಾರ್ಪಾಡಾಗಿದೆಯೇ ಅಂತ ನೋಡುವ ಬೇರೆ ತಪಾಸಣೆ.

ಹಾಗಾಗಿ ನಿಮಗೆ ನನ್ನ ಸಲಹೆ: ಈ ಆಪನ್ನು ಈಗಿರುವ ರೂಪದಲ್ಲಿ ತಗೋಬೇಡಿ. ತಿದ್ದಿ ತಂದರೆ, ಬಾಕಿ ಎಷ್ಟಿದೆ, ಕಂತು ಯಾವಾಗ ಅಂತ ನೋಡುವುದಕ್ಕೆ ದನಿ ಸಾಕು, ಅದೂ ಸದಸ್ಯರು ನೋಂದಾಯಿಸಿದ ಅದೇ ಫೋನಿನಿಂದ ಮಾತ್ರ. ಆಗ ಕಳ್ಳನಿಗೆ ರೆಕಾರ್ಡಿಂಗ್ ಜೊತೆ ಆ ಫೋನೂ ಬೇಕಾಗುತ್ತದೆ. ಹಣ ಕಳಿಸುವುದಕ್ಕೆ, ಮೊಬೈಲ್ ನಂಬರ್ ಬದಲಿಸುವುದಕ್ಕೆ ಪಿನ್ ಇರಲೇಬೇಕು. ಪಾಸ್‌ವರ್ಡ್‌ಗಿಂತ ನಾಲ್ಕಂಕಿಯ ಪಿನ್ ವಯಸ್ಸಾದವರಿಗೆ ರೂಢಿಯಿದೆ, ಎಟಿಎಂ ಪುಣ್ಯ. ಮೂರು ಸಲ ತಪ್ಪಿದರೆ ದನಿಯ ದಾರಿ ಆ ದಿನಕ್ಕೆ ಮುಚ್ಚಲಿ. ಸಂಗ್ರಹದಲ್ಲಿ ಏನು ಇಡುತ್ತಾರೆ ಅಂತಲೂ ಕೇಳಿ. ಸಂಖ್ಯೆಗಳ ಸಾಲನ್ನು ಬೀಗ ಹಾಕಿ ಇಟ್ಟರೆ ಸರಿ, ನೋಂದಣಿಯ ರೆಕಾರ್ಡಿಂಗ್‌ಗಳನ್ನೇ ಇಟ್ಟುಕೊಂಡಿದ್ದರೆ ಅದು ಸೋರಿದ ದಿನ ನಿಮ್ಮ ಸದಸ್ಯರೆಲ್ಲರ ದನಿ ಕಳ್ಳರ ಕೈಯಲ್ಲಿ. ಪಾಸ್‌ವರ್ಡ್ ಬದಲಿಸಬಹುದು, ಗಂಟಲು ಬದಲಿಸಲು ಆಗುವುದಿಲ್ಲ.

ಒಪ್ಪಿಕೊಳ್ಳುವ ಮುಂಚೆ ಪರೀಕ್ಷೆ ನೀವೇ ಮಾಡಿಸಿ. ಇಪ್ಪತ್ತು ಸದಸ್ಯರನ್ನು ಕರೆಸಿ, ಅವರವರ ಫೋನಿನಲ್ಲೇ ನೋಂದಣಿ ಮಾಡಿಸಿ. ವಾರ ಬಿಟ್ಟು ಮನೆಯಲ್ಲಿ, ಅಂಗಡಿಯಲ್ಲಿ, ರಸ್ತೆಯಲ್ಲಿ ಲಾಗಿನ್ ಮಾಡಿಸಿ, ಎಷ್ಟು ಜನ ಹೊರಗೆ ಉಳಿದರು ಬರೆದುಕೊಳ್ಳಿ. ಆಮೇಲೆ ಅವರ ದನಿಗಳನ್ನು ರೆಕಾರ್ಡ್ ಮಾಡಿ ಅಗ್ಗದ ಮೊಬೈಲ್, ದುಬಾರಿ ಮೊಬೈಲ್, ಬ್ಲೂಟೂತ್ ಸ್ಪೀಕರ್, ಲ್ಯಾಪ್‌ಟಾಪ್, ಟಿವಿ ಐದರಿಂದಲೂ ಆಡಿಸಿ. ಅಲ್ಲಿಗೆ ನೂರು ದಾಳಿ ಆಯಿತು. ಈ ಎರಡು ಲೆಕ್ಕವನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ, ಕೂಡಿಸಿ ಒಂದು ಪರ್ಸೆಂಟ್ ಮಾಡಲು ಯಾರಿಗೂ ಬಿಡಬೇಡಿ. ನೂರಕ್ಕೆ ನೂರೂ ತಡೆದರೂ ಖುಷಿಯಲ್ಲಿ ಸಹಿ ಹಾಕಬೇಡಿ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನೂರು ಪ್ರಯತ್ನದಲ್ಲಿ ಒಂದೂ ನುಗ್ಗದಿದ್ದರೆ, ನಿಜವಾದ ತಪ್ಪು ನೂರಕ್ಕೆ ಮೂರರವರೆಗೂ ಇರಬಹುದು. ನಿಮ್ಮ ಹುಡುಗನನ್ನೇ ದಾಳಿಯ ಉಸ್ತುವಾರಿಗೆ ಹಾಕಿ, ಕಂಪನಿಯವರು ಅವತ್ತು ಆಫೀಸಿಗೆ ಬರುವುದು ಬೇಡ.